ರಿಸ್ಕ್ ರಿಜಿಸ್ಟರ್‌ನಿಂದ ಇಶ್ಯೂ ಲಾಗ್ ಬೇರೆ ಮಾಡಿದವರು ಇದ್ದೀರಾ?

ಕೇಳಿದವರು: ನಮ್ಮ ಫ್ಯಾಕ್ಟರಿಯಲ್ಲಿ ಹೊಸ ಪ್ಯಾಕಿಂಗ್ ಲೈನ್ ಹಾಕುತ್ತಿದ್ದೇವೆ. ರಿಸ್ಕ್, ಇಶ್ಯೂ ಎಲ್ಲ ಒಂದೇ ಎಕ್ಸೆಲ್ ಶೀಟ್‌ನಲ್ಲಿವೆ, ನೂರಕ್ಕೂ ಜಾಸ್ತಿ ಸಾಲು. ಸೋಮವಾರದ ಮೀಟಿಂಗ್‌ನಲ್ಲಿ ಮೇಲಿಂದ ಓದಿಕೊಂಡು ಬರುತ್ತೇವೆ, ಅರ್ಧಕ್ಕೆ ಬರುವಷ್ಟರಲ್ಲಿ ಟೈಮ್ ಮುಗಿದಿರುತ್ತೆ. ಟ್ರಾನ್ಸ್‌ಫಾರ್ಮರ್ ಡ್ರಾಯಿಂಗ್ ವಿಷಯ ಎಷ್ಟೋ ವಾರದಿಂದ 'ಓಪನ್' ಅಂತಲೇ ಕೂತಿದೆ. ಎರಡನ್ನೂ ಬೇರೆ ಮಾಡುವುದು ಹೇಗೆ? ಬಗೆಹರಿಯದ್ದನ್ನು ಯಾವಾಗ, ಯಾರ ಹತ್ತಿರ ಒಯ್ಯಬೇಕು?

ಐಟಿ ಪ್ರಾಜೆಕ್ಟ್‌ನವರು: ಶೀಟ್ ಬೇರೆ ಮಾಡುವ ತಲೆನೋವು ಯಾಕೆ ಸರ್? ಒಂದು ಕಾಲಂ ಸೇರಿಸಿ, ಅದರಲ್ಲಿ ರಿಸ್ಕ್ ಅಥವಾ ಇಶ್ಯೂ ಅಂತ ಬರೆಯಿರಿ, ಫಿಲ್ಟರ್ ಹಾಕಿ. ಇಶ್ಯೂ ಆದರೆ ಸಂಭವನೀಯತೆಗೆ 5ಕ್ಕೆ 5 ಕೊಡಿ, ಆಗಿಯೇ ಹೋಗಿದೆಯಲ್ಲ. ಅದು ತಾನಾಗಿ ಮೇಲೆ ಬರುತ್ತೆ. ನಾವು ಹೀಗೇ ಮಾಡುವುದು.

ಪ್ಲಾನಿಂಗ್‌ನಲ್ಲಿ ಇರುವವರು: ಒಂದೇ ಫೈಲ್ ಇರಲಿ, ಅದಕ್ಕೆ ನನ್ನ ತಕರಾರಿಲ್ಲ. ಆ 5ಕ್ಕೆ 5 ಮಾತ್ರ ಬೇಡ. ಗೇಟ್ ಹತ್ತಿರ ಒಂದು ಲೈಟ್ ಕೆಟ್ಟಿದೆ ಅನ್ನಿ. ಆಗಿರುವುದರಿಂದ 5, ಪರಿಣಾಮ 2, ಗುಣಿಸಿದರೆ 10. ಲೈನ್ ಶುರುವಾಗುವ ದಿನಕ್ಕೆ ಕರೆಂಟ್ ಬಾರದೆ ಇರಬಹುದು ಅನ್ನುವುದಕ್ಕೆ ಸಂಭವ 2, ಪರಿಣಾಮ 5, ಅದೂ 10. ಶೀಟ್‌ನಲ್ಲಿ ಎರಡೂ ಅಕ್ಕಪಕ್ಕ ಕೂರುತ್ತವೆ. ಮೀಟಿಂಗ್‌ನಲ್ಲಿ ಯಾವುದರ ಬಗ್ಗೆ ಮಾತಾಗುತ್ತೆ? ಲೈಟಿನ ಬಗ್ಗೆ, ಅದು ಎಲ್ಲರಿಗೂ ಕಾಣುತ್ತಲ್ಲ!

ಬೇರೆ ಮಾಡಲು ನಾನು ಕೇಳುವುದು ಒಂದೇ ಪ್ರಶ್ನೆ: ಇದು ಆಗಿದೆಯಾ, ಆಗಬಹುದಾ? ಆಗಬಹುದಾದರೆ ಅದು ರಿಸ್ಕ್. ಅಲ್ಲಿ ಸಂಭವ, ಪರಿಣಾಮ, ತಡೆಯಲು ಏನು ಮಾಡುತ್ತೀವಿ, ಯಾವ ಸೂಚನೆ ಕಂಡರೆ ಎಚ್ಚರವಾಗಬೇಕು, ಇವಿರಲಿ. ಆಗಿದ್ದರೆ ಅದು ಇಶ್ಯೂ. ಅಲ್ಲಿ ಸಂಭವದ ಕಾಲಂ ಅನ್ನೇ ತೆಗೆದುಬಿಡಿ. ಯಾವ ಕೆಲಸ ನಿಂತಿದೆ, ಯಾರು ತೀರ್ಮಾನ ಕೊಡಬೇಕು, ಎಷ್ಟನೇ ತಾರೀಖಿನೊಳಗೆ, ಇಷ್ಟು ಬೇಕು. ಯಾರೂ ತೀರ್ಮಾನ ಕೊಡಬೇಕಿಲ್ಲ, ಸುಮ್ನೆ ಯಾರೋ ಮಾಡಿ ಮುಗಿಸಬೇಕು ಅನ್ನುವಂಥದ್ದು ಎರಡೂ ಅಲ್ಲ. ಅದು ಕೆಲಸದ ಪಟ್ಟಿಗೆ ಹೋಗಲಿ. ನಿಮ್ಮ ನೂರು ಸಾಲಿನಲ್ಲಿ ಇಂಥವೇ ಜಾಸ್ತಿ ಇರುತ್ತವೆ ಅಂತ ನನ್ನ ಅಂದಾಜು.

ಸರ್ವಿಸ್ ಡೆಸ್ಕ್‌ನವರು: ಎಸ್ಕಲೇಷನ್‌ಗೆ ನಮ್ಮಲ್ಲಿ ಮ್ಯಾಟ್ರಿಕ್ಸ್ ಇದೆ. ದೊಡ್ಡ ತೊಂದರೆಯಾದರೆ 4 ಗಂಟೆ, ಅಷ್ಟರಲ್ಲಿ ಸರಿಹೋಗದಿದ್ದರೆ ಎರಡನೇ ಹಂತ, ಆಮೇಲೆ ಮೂರನೇ ಹಂತ. ಸಿಸ್ಟಮ್ಮೇ ಮೇಲ್ ಕಳಿಸುತ್ತೆ. ಅದನ್ನೇ ಹಾಕಿಕೊಳ್ಳಿ.

ಪ್ಲಾನಿಂಗ್‌ನಲ್ಲಿ ಇರುವವರು: ಅದು ಟಿಕೆಟ್‌ಗೆ ಸರಿ ಸರ್. ಅಲ್ಲಿ ಮೇಲಿನ ಹಂತದವರು ಇನ್ನೂ ಹೆಚ್ಚು ತಿಳಿದವರು. ಪ್ರಾಜೆಕ್ಟ್‌ನಲ್ಲಿ ಮೇಲಿನವರಿಗೆ ಟ್ರಾನ್ಸ್‌ಫಾರ್ಮರ್ ಬಗ್ಗೆ ನಮಗಿಂತ ಕಡಿಮೆ ಗೊತ್ತಿರುತ್ತೆ. ಅವರ ಹತ್ತಿರ ಇರುವುದು ಅಧಿಕಾರ. ಅದಕ್ಕೇ ಎಷ್ಟು ದಿನ ಹಳೆಯದು ಅನ್ನುವುದಕ್ಕಿಂತ ಯಾರ ಸಹಿಯಿಂದ ಮುಗಿಯುತ್ತೆ ಅನ್ನುವುದನ್ನು ನೋಡಬೇಕು. ಕೇಳಿದವರೇ, ಆ ಡ್ರಾಯಿಂಗ್ ಕಥೆ ಸ್ವಲ್ಪ ಬಿಡಿಸಿ ಹೇಳಿ.

ಕೇಳಿದವರು: 500 ಕೆವಿಎ ಟ್ರಾನ್ಸ್‌ಫಾರ್ಮರ್. ಸಪ್ಲೈಯರ್ ಡ್ರಾಯಿಂಗ್‌ನಲ್ಲಿ ಎಲ್‌ಟಿ ಕೇಬಲ್ ಬಾಕ್ಸ್ ಗೋಡೆಯ ಕಡೆ ಇದೆ, ನಮ್ಮ ಟ್ರೆಂಚ್ ಇನ್ನೊಂದು ಕಡೆ. ಬಾಕ್ಸ್ ತಿರುಗಿಸಿ ಅಂತ ನಮ್ಮ ಕನ್ಸಲ್ಟೆಂಟ್, ಟ್ರೆಂಚ್ ಬದಲಿಸಿ ಅಂತ ಅವರು. ಬಾಕ್ಸ್ ತಿರುಗಿಸಿದರೆ ಹೊಸ ಡ್ರಾಯಿಂಗ್‌ಗೆ 2 ವಾರ. ಟ್ರೆಂಚ್ ಬದಲಿಸಿದರೆ 1.8 ಲಕ್ಷ. ಲೈನ್ ಶುರುವಾಗಬೇಕಾದ್ದು ನವೆಂಬರ್ 15ಕ್ಕೆ. ಇವತ್ತು ಆಗಸ್ಟ್ 7.

ಪ್ಲಾನಿಂಗ್‌ನಲ್ಲಿ ಇರುವವರು: ಹಾಗಾದರೆ ಹಿಂದಿನಿಂದ ಎಣಿಸಿ. ಡ್ರಾಯಿಂಗ್ ಒಪ್ಪಿದ ಮೇಲೆ ತಯಾರಿಗೆ ಎಷ್ಟು ಅಂತ ನಿಮ್ಮ ಆರ್ಡರ್‌ನಲ್ಲಿ ಇರುತ್ತೆ. 8 ವಾರ ಅಂದುಕೊಳ್ಳೋಣ. ಸಾಗಣೆ, ಜೋಡಣೆಗೆ 2 ವಾರ. ಟೆಸ್ಟಿಂಗ್, ವಿದ್ಯುತ್ ಪರಿವೀಕ್ಷಣಾಲಯದ ಒಪ್ಪಿಗೆ, ಚಾರ್ಜ್ ಮಾಡುವುದು ಸೇರಿ 3 ವಾರ ಇಟ್ಟುಕೊಳ್ಳಿ. ಒಟ್ಟು 13 ವಾರ. ನವೆಂಬರ್ 15ರಿಂದ 13 ವಾರ ಹಿಂದೆ ಹೋದರೆ ಆಗಸ್ಟ್ 16. ಅಂದರೆ ಇನ್ನು 9 ದಿನ. ಬಾಕ್ಸ್ ತಿರುಗಿಸುವ ದಾರಿಗೆ 2 ವಾರ ಬೇಕು, ಅದು ಈಗಾಗಲೇ ಕೈತಪ್ಪಿದೆ. 'ಓಪನ್' ಅಂತ ಬರೆದಿದ್ದರಿಂದ ಇದು ಕಾಣಲಿಲ್ಲ. 'ಆಗಸ್ಟ್ 16ರೊಳಗೆ ತೀರ್ಮಾನ ಬೇಕು' ಅಂತ ಬರೆದಿದ್ದರೆ ಕಾಣುತ್ತಿತ್ತು.

ಈಗ ಯಾರ ಹತ್ತಿರ? 1.8 ಲಕ್ಷ ಖರ್ಚಿಗೆ ಯಾರು ಸಹಿ ಹಾಕಬಹುದು?

ಕೇಳಿದವರು: ಪ್ರಾಜೆಕ್ಟ್ ಮ್ಯಾನೇಜರ್‌ಗೆ 1 ಲಕ್ಷದವರೆಗೆ. ಅದರ ಮೇಲೆ ಪ್ಲಾಂಟ್ ಹೆಡ್.

ಪ್ಲಾನಿಂಗ್‌ನಲ್ಲಿ ಇರುವವರು: ಹಾಗಾದರೆ ಸೈಟ್‌ನಲ್ಲಿ ಇನ್ನೊಂದು ಮೀಟಿಂಗ್ ಮಾಡಿ ಪ್ರಯೋಜನವಿಲ್ಲ. ನಾಳೆಯೇ ಪ್ರಾಜೆಕ್ಟ್ ಮ್ಯಾನೇಜರ್‌ಗೆ, ಅವರಿಂದ 11ರೊಳಗೆ ಪ್ಲಾಂಟ್ ಹೆಡ್‌ಗೆ. ಒಂದು ಪುಟ ಸಾಕು: ಏನು ನಿಂತಿದೆ, 16 ದಾಟಿದರೆ ಏನಾಗುತ್ತೆ, ಎರಡು ದಾರಿ, ಒಂದೊಂದಕ್ಕೆ ಎಷ್ಟು ದುಡ್ಡು ಎಷ್ಟು ದಿನ, ನೀವು ಯಾವುದು ಹೇಳುತ್ತೀರಿ. 'ದಯವಿಟ್ಟು ಗಮನಿಸಿ' ಅಂತ ಬರೆದ ಮೇಲ್ ಎಸ್ಕಲೇಷನ್ ಅಲ್ಲ. ಅದಕ್ಕೆ ಉತ್ತರ ಕೊಡಲೇಬೇಕು ಅಂತ ಯಾರಿಗೂ ಅನ್ನಿಸುವುದಿಲ್ಲ.

ಲಾಗ್‌ನಲ್ಲಿ ತೀರ್ಮಾನದ ತಾರೀಖಿನ ಜೊತೆಗೆ ಮೇಲಕ್ಕೆ ಒಯ್ಯುವ ತಾರೀಖು ಅಂತ ಇನ್ನೊಂದು ಕಾಲಂ ಇಡಿ. ಅದು `G`, ಮುಗಿದ ತಾರೀಖು `H` ಆದರೆ:

```
=IF(AND(G2<>"",H2="",TODAY()>=G2),"ಮೇಲಕ್ಕೆ","")
```

ಸೋಮವಾರ 'ಮೇಲಕ್ಕೆ' ಅಂತ ಬಂದ ಸಾಲುಗಳನ್ನು ಮೊದಲು ಓದಿ.

ಐಟಿ ಪ್ರಾಜೆಕ್ಟ್‌ನವರು: ಆ 5ಕ್ಕೆ 5 ಬಿಟ್ಟೆ ಮೇಡಂ. ಆದರೆ 'ಡ್ರಾಯಿಂಗ್ ತಡವಾಗಬಹುದು' ಅಂತ ರಿಸ್ಕ್ ಮೊದಲೇ ಬರೆದಿದ್ದರೆ? ಈಗ ಆ ಸಾಲನ್ನು ಕಟ್ ಮಾಡಿ ಇಶ್ಯೂ ಶೀಟ್‌ಗೆ ಹಾಕಿದರೆ ಸಾಕಲ್ವಾ?

ಪ್ಲಾನಿಂಗ್‌ನಲ್ಲಿ ಇರುವವರು: ಕಟ್ ಮಾಡಬೇಡಿ. ಆ ರಿಸ್ಕ್‌ನ ನಂಬರ್ `R-07`, ಇಶ್ಯೂ ನಂಬರ್ `I-23` ಅನ್ನಿ. `R-07` ಅಲ್ಲೇ ಇರಲಿ, 'ಸಂಭವಿಸಿದೆ, `I-23` ನೋಡಿ' ಅಂತ ಬರೆದು ಮುಚ್ಚಿ. ಮುಂದೆ ಯಾವ ರಿಸ್ಕ್ ನಿಜವಾಯಿತು, ಯಾವ ಸೂಚನೆ ಮೊದಲೇ ಕಂಡಿತ್ತು ಅಂತ ನೋಡಲು ಅದೊಂದೇ ದಾಖಲೆ. ಇಶ್ಯೂ ಇನ್ನೊಂದು ರಿಸ್ಕ್ ಹುಟ್ಟಿಸುವುದೂ ಉಂಟು. ಟ್ರೆಂಚ್ ಬದಲಿಸಿದರೆ ಆ ದಾರಿಯಲ್ಲಿ ನೆಲದಡಿಯ ನೀರಿನ ಪೈಪ್ ಸಿಗಬಹುದು. ಅದು ಹೊಸ ಸಾಲು, ರಿಸ್ಕ್ ಕಡೆ.

ಗುತ್ತಿಗೆದಾರರ ಕಡೆಯವರು: ಇಷ್ಟೆಲ್ಲ ಓದಿ ಒಂದು ಮಾತು. ನಮ್ಮ ಹೆಸರು ಇಶ್ಯೂ ಲಾಗ್‌ನಲ್ಲಿ 'ಓನರ್' ಅಂತ ಬರೆದು, ಎರಡೇ ದಿನಕ್ಕೆ ನೇರ ಡೈರೆಕ್ಟರ್‌ಗೆ ಮೇಲ್ ಹಾಕುವ ಕ್ಲೈಂಟ್‌ಗಳಿದ್ದಾರೆ. ಆಮೇಲೆ ನಮ್ಮ ಹುಡುಗರು ತೊಂದರೆ ಹೇಳುವುದನ್ನೇ ನಿಲ್ಲಿಸುತ್ತಾರೆ. ಲಾಗ್ ತುಂಬ ಚೆನ್ನಾಗಿ ಕಾಣುತ್ತೆ, ಸೈಟ್ ಮಾತ್ರ ನಿಂತಿರುತ್ತೆ. ಮೇಲಕ್ಕೆ ಒಯ್ಯುವ ಮುಂಚೆ ಒಂದು ಫೋನ್ ಮಾಡಿ ಹೇಳಿ.

ಸರ್ವಿಸ್ ಡೆಸ್ಕ್‌ನವರು: ಫೋನ್ ಮಾಡಿದರೆ 'ಇನ್ನೆರಡು ದಿನ ಕೊಡಿ' ಅಂತಾರೆ. ಅಲ್ಲಿಗೆ ಮುಗೀತು.

ಪ್ಲಾನಿಂಗ್‌ನಲ್ಲಿ ಇರುವವರು: ಫೋನ್ ಮಾಡೋಣ, ಆದರೆ ಕೇಳಲು ಅಲ್ಲ, ತಿಳಿಸಲು. ತಾರೀಖನ್ನು ಮೊದಲೇ ಅವರ ಜೊತೆ ಕೂತು ಬರೆದಿದ್ದರೆ ಜಗಳ ಕಡಿಮೆ. ಪೂರ್ತಿ ಇರುವುದಿಲ್ಲ ಅಂತ ಹೇಳಲಾರೆ.

ಕೇಳಿದವರು: ಪರಿವೀಕ್ಷಣಾಲಯದ ಒಪ್ಪಿಗೆ ನಮ್ಮ ಪ್ಲಾಂಟ್ ಹೆಡ್ ಕೈಯಲ್ಲೂ ಇಲ್ಲ. ಅದನ್ನು ಎಲ್ಲಿಗೆ ಒಯ್ಯುವುದು?

ಪ್ಲಾನಿಂಗ್‌ನಲ್ಲಿ ಇರುವವರು: ಅದು ಇನ್ನೂ ಆಗಿಲ್ಲ, ಹಾಗಾಗಿ ರಿಸ್ಕ್. ಅರ್ಜಿ, ಟೆಸ್ಟ್ ರಿಪೋರ್ಟ್ ಕೊರತೆಯಿಲ್ಲದೆ ಕೊಡುವುದು ನಿಮ್ಮ ಕೈಯಲ್ಲಿದೆ. ಅಷ್ಟನ್ನು ನಿಮ್ಮ ಎಲೆಕ್ಟ್ರಿಕಲ್ ಗುತ್ತಿಗೆದಾರರ ಹೆಸರಿಗೆ ಬರೆಯಿರಿ. ತಡವಾದರೆ ಬಾಡಿಗೆ ಜನರೇಟರ್‌ನಲ್ಲಿ ಟ್ರಯಲ್ ಮಾಡುವುದಾ, ಶುರುವಿನ ದಿನ ಮುಂದೂಡುವುದಾ ಅನ್ನುವ ತೀರ್ಮಾನ ಪ್ಲಾಂಟ್ ಹೆಡ್‌ದು. ರಿಸ್ಕನ್ನೂ ಮೇಲಕ್ಕೆ ಒಯ್ಯಬಹುದು. ಪ್ರಾಜೆಕ್ಟ್ ನಿರ್ವಹಣೆಯ ಕೈಪಿಡಿ ಪಿಎಂಬಿಒಕೆಯ 2017ರ ಆರನೇ ಆವೃತ್ತಿಯಲ್ಲಿ ಅದನ್ನು ರಿಸ್ಕ್‌ಗೆ ಒಂದು ಉತ್ತರವಾಗಿಯೇ ಸೇರಿಸಿದ್ದಾರೆ. ಮೇಲಿನವರು ಒಪ್ಪಿಕೊಂಡ ಮೇಲೆ ಟೀಮ್ ಅದರ ಮೇಲೆ ಕಣ್ಣಿಡಬೇಕಿಲ್ಲ ಅನ್ನುತ್ತೆ ಆ ಪುಸ್ತಕ. ನಾನು ಮಾತ್ರ ಕಣ್ಣಿಡುತ್ತೇನೆ.

ಗುತ್ತಿಗೆದಾರರ ಕಡೆಯವರು: ಜನರೇಟರ್ ಬಾಡಿಗೆ, ಡೀಸೆಲ್ ಯಾರ ತಲೆ ಮೇಲೆ ಅಂತ ಈಗಲೇ ಬರೆದುಕೊಳ್ಳಿ. ಅದೇ ಮುಂದಿನ ಇಶ್ಯೂ.