ಆಮಂತ್ರಣದ ಸಾಲುಗಳನ್ನು ಗೂಗಲ್ ಕ್ಯಾಲೆಂಡರಿಗೆ ಹಾಕುವುದು: ಪ್ರಶ್ನೋತ್ತರ

ಕಾಪುವಿನ ಸದಸ್ಯೆ: ನಮ್ಮ ಕುಟುಂಬದ ದೈವದ ನೇಮದ ಆಮಂತ್ರಣ ಹೀಗಿದೆ: "7-3-2026ನೇ ಶನಿವಾರ ಸಂಜೆ 6ಕ್ಕೆ ಭಂಡಾರ ಇಳಿಯುವುದು, ರಾತ್ರಿ 8ಕ್ಕೆ ಅನ್ನಸಂತರ್ಪಣೆ, 12.30ಕ್ಕೆ ನೇಮ." ಇದನ್ನು ಸಿಎಸ್‌ವಿ ಮಾಡಿ ಹಾಕಿದೆ. ಮಾರ್ಚಿನಲ್ಲಿ ಏನೂ ಕಾಣುತ್ತಿಲ್ಲ.

ಉತ್ತರಿಸುವವರು (ಡೇಟಾ ಕೆಲಸ, ಉಡುಪಿ): ಅಕ್ಕಾ, ಜುಲೈ 3 ತೆರೆದು ನೋಡಿ, ಮೂರೂ ಅಲ್ಲಿರಬಹುದು. ಗೂಗಲ್ ಕೊಡುವ ಮಾದರಿಯಲ್ಲಿ ತಿಂಗಳು ಮೊದಲು, ದಿನ ಆಮೇಲೆ. ನೀವು 07/03 ಬರೆದರೆ ತಪ್ಪೆಂದು ಹೇಳದೆ ಜುಲೈಗೆ ಕೂರಿಸಿಬಿಡುತ್ತದೆ. 14/03 ಆಗಿದ್ದರೆ ಹದಿನಾಲ್ಕನೇ ತಿಂಗಳಿಲ್ಲವಾದ್ದರಿಂದ ಹೀಗೆ ಬೇರೆ ತಿಂಗಳಿಗೆ ಹೋಗಿ ಕೂರುತ್ತಿರಲಿಲ್ಲ. ಹನ್ನೆರಡರೊಳಗಿನ ದಿನಾಂಕಗಳೇ ಅಪಾಯ. ಅದಕ್ಕೇ ಆಮಂತ್ರಣದಲ್ಲಿರುವ ವಾರವನ್ನು ಬಿಡಬೇಡಿ. 2026ರ ಜುಲೈ 3 ಶುಕ್ರವಾರ, ನಿಮ್ಮ ಕಾಗದದಲ್ಲಿ ಶನಿವಾರ. ಅಲ್ಲೇ ಸಿಕ್ಕಿಬೀಳುತ್ತದೆ.

ಇನ್ನೊಂದು ತಪ್ಪು ಕೊನೆಯ ಸಾಲಿನಲ್ಲಿದೆ. ರಾತ್ರಿ 12.30 ಎಂದರೆ ಕ್ಯಾಲೆಂಡರಿಗೆ ಮರುದಿನ. PM ಹಾಕಿದರೆ ನಡುಮಧ್ಯಾಹ್ನ ನೇಮವಾಗುತ್ತದೆ.

```
Subject,Start Date,Start Time
ಭಂಡಾರ ಇಳಿಯುವುದು,03/07/2026,6:00 PM
ಅನ್ನಸಂತರ್ಪಣೆ,03/07/2026,8:00 PM
ನೇಮ,03/08/2026,12:30 AM
```

ಮೇಲಿನ ಸಾಲು ಇಂಗ್ಲಿಷಿನಲ್ಲೇ ಇರಲಿ. ಮೊದಲು ಖಾಲಿ ಹೊಸ ಕ್ಯಾಲೆಂಡರ್ ಒಂದನ್ನು ಮಾಡಿ ಅದಕ್ಕೆ ಹಾಕಿ. ಕೆಟ್ಟರೆ ಅದನ್ನೇ ಅಳಿಸಬಹುದು. ಮುಖ್ಯ ಕ್ಯಾಲೆಂಡರಿಗೆ ಹಾಕಿದರೆ ಒಂದೊಂದಾಗಿ ಹೆಕ್ಕಬೇಕು.

ಬೋಳೂರಿನ ಸದಸ್ಯ: ಮೊಬೈಲಿನಲ್ಲಿ ಹಾಕುವುದು ಹೇಗೆ?

ಉತ್ತರಿಸುವವರು: ಆ್ಯಪ್‌ನಲ್ಲಿ ಆಗುವುದಿಲ್ಲ. ಕಂಪ್ಯೂಟರ್.

ಕಾರ್ಕಳದ ಹಿರಿಯರು: ಶನಿವಾರದ ನೇಮವನ್ನು ಭಾನುವಾರಕ್ಕೆ ತಳ್ಳಿದರೆ ಹೇಗೆ? ಪಂಚಾಂಗದಲ್ಲಿ ಸೂರ್ಯೋದಯದವರೆಗೆ ಶನಿವಾರವೇ.

ಕಾಪುವಿನ ಸದಸ್ಯೆ: ನಮ್ಮ ಅಜ್ಜಿಯೂ ಅದನ್ನೇ ಹೇಳುತ್ತಾರೆ.

ಮಂಗಳೂರಿನ ಸದಸ್ಯ: ಪಂಚಾಂಗ ನಂಬಿ ಹಾಕಿದರೆ ಮುಂಬೈಯವರು ಒಂದು ದಿನ ಮೊದಲೇ, ಶುಕ್ರವಾರ ಮಧ್ಯರಾತ್ರಿಗೇ ಬಂದು ಚಪ್ಪರದಲ್ಲಿ ಒಬ್ಬರೇ ಕೂರುತ್ತಾರೆ.

ಕಾರ್ಕಳದ ಹಿರಿಯರು: ಮುಂಬೈಯವರಿಗಾಗಿ ವಾರ ಬದಲಿಸುವುದೋ?

ಉತ್ತರಿಸುವವರು: ವಾರ ಬದಲಿಸುವುದಿಲ್ಲ. ಶೀರ್ಷಿಕೆಯಲ್ಲಿ "ನೇಮ (ಶನಿವಾರ ರಾತ್ರಿ)" ಎಂದು ಬರೆಯಿರಿ, Start Date ಮಾತ್ರ ಎಂಟು.

ಸುರತ್ಕಲ್ಲಿನ ಸದಸ್ಯ: ಇಷ್ಟೆಲ್ಲ ಯಾಕೆ? ಮೆಸೇಜನ್ನು ನೋಟ್‌ಪ್ಯಾಡಿಗೆ ಹಾಕಿ .ics ಎಂದು ಹೆಸರಿಟ್ಟರೆ ಸಾಕಂತೆ, ಬೇರೆ ಗುಂಪಿನಲ್ಲಿ ಬಂದಿತ್ತು.

ಉತ್ತರಿಸುವವರು: ಮಾರಾಯರೇ, ತೆಂಗಿನಕಾಯಿಗೆ ಹಲಸು ಎಂದು ಚೀಟಿ ಅಂಟಿಸಿದರೆ ತೊಳೆ ಬರುತ್ತದೆಯೇ? ಆ ಕಡತದ ಒಳಗಿನ ಬರವಣಿಗೆಯ ಕ್ರಮವೇ ಬೇರೆ. ಯಾರೂ ಹಾಗೆ ಮಾಡಬೇಡಿ.

ಸುರತ್ಕಲ್ಲಿನ ಸದಸ್ಯ: ಕೇಳಿದ್ದು ತಪ್ಪಾಯಿತು.

ಮೂಲ್ಕಿಯ ಸದಸ್ಯೆ: ಶೀರ್ಷಿಕೆ ಪೂರ್ತಿ ಪ್ರಶ್ನಾರ್ಥಕ ಚಿಹ್ನೆಗಳು!

ಉತ್ತರಿಸುವವರು: ಉಳಿಸುವಾಗ CSV UTF-8 ಆರಿಸಿ.

ಕುಂದಾಪುರದ ಸದಸ್ಯ: "ಮಹಾಪೂಜೆಯ ನಂತರ ಸಭೆ" ಎಂದಷ್ಟೇ ಇದ್ದರೆ ಯಾವ ಗಂಟೆ ಹಾಕುವುದು?

ಬೈಂದೂರಿನ ಸದಸ್ಯ: ಮೊಬೈಲಿನಲ್ಲಿ ಆಗುತ್ತದೆಯೇ?

ಉತ್ತರಿಸುವವರು: ಮೇಲೆ ಓದಿ.