ಸಹಾಯ ಬೇಕು: ಅಪ್‌ಡೇಟ್ ಕ್ಯಾಶ್ ಇದ್ದರೂ ಮೂರು ಪಿಸಿ ಹೊರಗಿಂದಲೇ ಇಳಿಸುತ್ತಿವೆ

ಕಾರವಾರದ ಕೋಡಿಬಾಗದಲ್ಲಿ ನನ್ನದು 8 ಪಿಸಿಗಳ ಸಣ್ಣ ಗೇಮಿಂಗ್ ಕೆಫೆ. ಹುಡುಗರು ತಮ್ಮತಮ್ಮ ಸ್ಟೀಮ್ ಖಾತೆಯಿಂದ ಒಳಗೆ ಬರುತ್ತಾರೆ. ಗೇಮ್‌ಗಳು ಪ್ರತಿ ಪಿಸಿಯ D ಡ್ರೈವ್‌ನಲ್ಲಿವೆ, ಖಾತೆ ಬದಲಾದರೂ ಮತ್ತೆ ಇಳಿಸಬೇಕಿಲ್ಲ. ತಲೆನೋವು ಅಪ್‌ಡೇಟ್‌ನದ್ದು. 30 ಜಿಬಿ ಅಪ್‌ಡೇಟ್ ಎಂಟು ಪಿಸಿಗೂ ಬೇರೆಬೇರೆಯಾಗಿ ಇಳಿದರೆ ನನ್ನ 100 ಎಂಬಿಪಿಎಸ್ ಲೈನ್‌ಗೆ ಐದು ತಾಸಿಗಿಂತ ಜಾಸ್ತಿ ಬೇಕು. ಅಷ್ಟರಲ್ಲಿ ಗಿರಾಕಿ ಎದ್ದು ಹೋಗಿರುತ್ತಾನೆ, ಅಲ್ವಾ?

ಅದಕ್ಕೇ ಹಳೇ ಪಿಸಿಯೊಂದರಲ್ಲಿ ಲ್ಯಾನ್‌ಕ್ಯಾಶ್ ಹಾಕಿದೆ. ರೌಟರ್‌ನ ಡಿಎಚ್‌ಸಿಪಿಯಲ್ಲಿ ಡಿಎನ್‌ಎಸ್ ಆಗಿ ಅದರ ವಿಳಾಸ ಮಾತ್ರ ಕೊಟ್ಟೆ. ಎರಡನೆಯದಾಗಿ ಇದ್ದ 8.8.8.8 ತೆಗೆದೆ. ಐದು ಪಿಸಿ ಸರಿಯಾಗಿವೆ. ಉಳಿದ ಮೂರರಲ್ಲಿ ಈ ಪರೀಕ್ಷೆ ಮಾಡಿದೆ:

```
nslookup lancache.steamcontent.com
```

ಬರಬೇಕಾದದ್ದು 192.168.1.10. ಇವು ಮಾತ್ರ ಆ ವಿಳಾಸ ಕೊಡುವುದಿಲ್ಲ. `ipconfig /all` ನೋಡಿದಾಗ ಗುಟ್ಟು ಗೊತ್ತಾಯಿತು. ಡಿಎನ್‌ಎಸ್ ಸಾಲಿನಲ್ಲಿ ಮೊದಲು fe80 ಎಂದು ಶುರುವಾಗುವ ವಿಳಾಸ ಇದೆ. ಅಂದರೆ ರೌಟರ್ ಐಪಿವಿ6 ಮೂಲಕ ತನ್ನನ್ನೇ ಡಿಎನ್‌ಎಸ್ ಎಂದು ಸಾರುತ್ತಿದೆ, ವಿಂಡೋಸ್ ಅದನ್ನೇ ಕೇಳುತ್ತಿದೆ. ಸರಿಯಿರುವ ಐದರಲ್ಲಿ ಐಪಿವಿ6 ಟಿಕ್ ಹಿಂದೆ ಯಾರೋ ತೆಗೆದಿದ್ದಾರೆ!

ಇಂಟರ್ನೆಟ್‌ನವರು ಕೊಟ್ಟ ಈ ರೌಟರ್‌ನಲ್ಲಿ ಐಪಿವಿ6 ಬಂದ್ ಮಾಡುವ ಆಯ್ಕೆಯೇ ಕಾಣುತ್ತಿಲ್ಲ. ಸುಮ್ನೆ ಮೂರು ಪಿಸಿಯಲ್ಲೂ ಟಿಕ್ ತೆಗೆದರೆ ಸಾಕೇ? ಅಥವಾ ನನ್ನದೇ ರೌಟರ್ ನಡುವೆ ಇಡಬೇಕೇ? ಹಾಗೆ ಇಟ್ಟರೆ ಎರಡು ನ್ಯಾಟ್ ಆಗಿ ಗೇಮ್‌ನ ವಾಯ್ಸ್ ಚಾಟ್ ಕೆಡುತ್ತದೆಯೇ? ಮಾಡಿ ನೋಡಿದವರು ಹೇಳಿ.