ಸಹಾಯ ಬೇಕು: ಒಂದೇ ಬಿಲ್ಲಿಗೆ ಎರಡು ಬಗೆಯ ಪಾವತಿಯಿದ್ದರೆ ಫ್ಯಾಕ್ಟ್ ಟೇಬಲ್ ಹೇಗಿರಬೇಕು?

ದಿನಸಿ ಮಳಿಗೆಗಳ ಮಾರಾಟ ವರದಿಗಾಗಿ ಸ್ಟಾರ್ ಸ್ಕೀಮಾ ರಚಿಸುತ್ತಿದ್ದೇನೆ. `fact_sales` ಟೇಬಲ್‌ನಲ್ಲಿ ಬಿಲ್ಲಿನ ಪ್ರತಿ ವಸ್ತುವಿಗೆ ಒಂದು ಸಾಲಿದ್ದು, ದಿನಾಂಕ, ಮಳಿಗೆ ಮತ್ತು ಉತ್ಪನ್ನದ ಡೈಮೆನ್ಶನ್‌ಗಳು ಅದಕ್ಕೆ ಸೇರಿವೆ. ತೊಡಕಿರುವುದು ಪಾವತಿಯಲ್ಲಿ. 700 ರೂಪಾಯಿಯ ಅಕ್ಕಿ, 300 ರೂಪಾಯಿಯ ಎಣ್ಣೆ ಕೊಂಡವರು 600 ರೂಪಾಯಿಯನ್ನು ಯುಪಿಐ ಮೂಲಕವೂ ಉಳಿದದ್ದನ್ನು ನಗದಾಗಿಯೂ ಕೊಟ್ಟಿದ್ದರೆ, ಬಿಲ್ ಸಂಖ್ಯೆಯ ಮೇಲೆ ಪಾವತಿಯ ಟೇಬಲ್ ಜೋಡಿಸಿದಾಗ ಎರಡು ಸಾಲುಗಳು ನಾಲ್ಕಾಗಿ ಮಾರಾಟ 2,000 ಎಂದು ಬರುತ್ತದೆ.

ಆದ್ದರಿಂದ ಪ್ರತಿ ಪಾವತಿಗೆ ಒಂದು ಸಾಲಿರುವ `fact_payment` ಅನ್ನು ಪ್ರತ್ಯೇಕಿಸಿದೆ. ಮೊತ್ತವೇನೋ ಸರಿಹೋಯಿತು, ಆದರೆ ಅಕ್ಕಿಯ ಮಾರಾಟದಲ್ಲಿ ಯುಪಿಐ ಪಾಲೆಷ್ಟು ಎಂಬ ಮಾಲೀಕರ ಪ್ರಶ್ನೆಗೆ ಅದರಲ್ಲಿ ಉತ್ತರವಿಲ್ಲ. ಬೆಲೆಯ ಅನುಪಾತದಲ್ಲಿ ಹಂಚಿದರೆ 420 ರೂಪಾಯಿ ಬರುತ್ತದೆ. ಅದು ನಡೆದ ವ್ಯವಹಾರವಲ್ಲ, ನಮ್ಮ ಊಹೆ ಮಾತ್ರ.

ಈ ಹಂಚಿಕೆಯನ್ನು ದತ್ತಾಂಶ ತುಂಬುವಾಗಲೇ ಮೂರನೆಯ ಫ್ಯಾಕ್ಟ್ ಟೇಬಲ್‌ನಲ್ಲಿ ಉಳಿಸಬೇಕೇ, ಅಥವಾ `fact_sales` ಟೇಬಲ್‌ಗೆ ಯುಪಿಐ, ನಗದು, ಮಿಶ್ರ ಎಂಬ ಪಾವತಿ ಡೈಮೆನ್ಶನ್ ಸೇರಿಸಿದರೆ ಸಾಕೇ?